ಮೊಳಕೈಯಿಂದ ಶುರುವಾದ ನುಡಿಚಿತ್ರ

ಬೀದಿ ವ್ಯಾಪಾರಿಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ನುಡಿಚಿತ್ರಗಳು ಹೆಚ್ಚಾಗಿ ಶುರುವಾಗುವುದು ಹೀಗೆ: ‘ಬೆಳಗಿನ ಜಾವ ನಾಲ್ಕು ಗಂಟೆ. ಇಡೀ ನಗರ ಇನ್ನೂ ಮಲಗಿದೆ.’ ನೋಡಲು ದೃಶ್ಯದಂತಿದ್ದರೂ ಇದು ದೃಶ್ಯವಲ್ಲ. ಹಾಲು ಹಾಕುವವರಿಗೂ ಪೇಪರ್ ಹಾಕುವವರಿಗೂ ಸೊಪ್ಪು ಮಾರುವವರಿಗೂ ಇದೇ ಸಾಲು ಸಲ್ಲುತ್ತದೆ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಹೂ ಮಾರುವ ಒಬ್ಬರ ಬಗ್ಗೆ ಬರೆಯಲು ಹೊರಟಾಗ ನಾನು ಹುಡುಕಿದ್ದು ಅವರಿಗೆ ಮಾತ್ರ ಸಲ್ಲುವ ಒಂದೆರಡು ನಿಮಿಷವನ್ನು.

ಮೊದಲ ಕೆಲವು ಸಂಜೆ ಪುಸ್ತಕ, ಪೆನ್ನು ಏನೂ ಹಿಡಿಯದೆ ಹೋದೆ. ಒಂದು ಮೊಳ ಕೊಂಡು ಪಕ್ಕದಲ್ಲೇ ನಿಲ್ಲುತ್ತಿದ್ದೆ. ಹೂವಿನವರ ಹತ್ತಿರ ನಿಂತು ಮಾತಾಡುವುದು ಸುಲಭ. ಗಿರಾಕಿ ಇಲ್ಲದಾಗಲೂ ಕಟ್ಟುವ ಕೈ ನಿಲ್ಲುವುದಿಲ್ಲ, ಬಾಯಿ ಬಿಡುವಾಗಿರುತ್ತದೆ. ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಿದ್ದೆ. ‘ಬರ್ಕೊಳ್ಳಿ, ಫೋಟೋ ಮಾತ್ರ ಈಗ ಬೇಡ’ ಅಂದಿದ್ದರು. ಪುಸ್ತಕ ತೆಗೆದ ಮೇಲೆ ನಾನು ಗುರುತು ಮಾಡಿಕೊಂಡದ್ದು ಮೂರೇ: ಕೈ ಏನು ಮಾಡುತ್ತಿದೆ, ಯಾವ ಮೊತ್ತದ ಮಾತು ಬಂತು, ಯಾರು ಯಾವ ಪದ ಆಡಿದರು. ಬೆವರು, ನಗು, ಸುಕ್ಕುಗಟ್ಟಿದ ಮುಖ ಇವನ್ನೆಲ್ಲ ಬರೆದುಕೊಳ್ಳಲಿಲ್ಲ. ಅವು ಬರೆಯಲು ಕೂತಾಗ ಕರೆಯದೇ ಬರುತ್ತವೆ, ಬಂದ ಮೇಲೆ ಹೊಡೆದುಹಾಕುವುದು ಕಷ್ಟ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ನನಗೆ ಬೇಕಾದದ್ದು ಸಿಕ್ಕಿತು. ಲೇಖನದಲ್ಲಿ ಅದು ಅಚ್ಚಾದದ್ದು ಹೀಗೆ:

‘ಮಲ್ಲಿಗೆ ಎಷ್ಟಮ್ಮ?’

‘ಮೊಳ ಐವತ್ತು.’

‘ಎರಡು ಮೊಳ ಕೊಡಿ.’

ಆಕೆ ಹೂವಿನ ತುದಿಯನ್ನು ಬೆರಳಿನ ಗಂಟಿಗೆ ಸಿಕ್ಕಿಸಿ ಮೊಳಕೈ ಕಡೆಗೆ ಎಳೆದರು. ಮೊಳಕೈಗೆ ನಾಲ್ಕು ಬೆರಳು ಇರುವಾಗಲೇ ದಾರ ನಿಂತಿತು. ಇನ್ನೊಂದು ಸಲ, ಅಲ್ಲಿಗೇ. ಕೊಳ್ಳುವವರು ನೋಡುತ್ತಲೇ ಇದ್ದರು.

‘ಏನಮ್ಮಾ, ಹಬ್ಬ ಬಂದ್ರೆ ನಿಮ್ ಕೈ ಚಿಕ್ಕದಾಗತ್ತಲ್ಲ?’

‘ಕೈ ಅಷ್ಟೇ ಇದೆ ಕಣಕ್ಕ. ಮಾರ್ಕೆಟ್ಟಲ್ಲಿ ರೇಟು ಉದ್ದ ಆಗಿದೆ’ ಎಂದು ದಾರ ಕತ್ತರಿಸಿ, ಮೇಲೆ ಎರಡು ಮೊಗ್ಗು ಇಟ್ಟು ಎಲೆಯಲ್ಲಿ ಸುತ್ತಿದರು.

ಅಲ್ಲಿಗೆ ದೃಶ್ಯ ಮುಗಿಯಿತು. ಆ ಅಕ್ಕ ದುಡ್ಡು ಕೊಟ್ಟದ್ದು, ಚಿಲ್ಲರೆಗೆ ತಡಕಾಡಿದ್ದು, ಮುಂದಿನ ಗಿರಾಕಿ ಬಂದದ್ದು ಎಲ್ಲ ನನ್ನ ಪುಸ್ತಕದಲ್ಲಿತ್ತು. ಆದರೆ ಓದುವವರ ಮನಸ್ಸಿನಲ್ಲಿ ‘ಈಕೆ ಮೋಸ ಮಾಡುತ್ತಿದ್ದಾರಾ?’ ಎಂಬ ಪ್ರಶ್ನೆ ಎದ್ದ ಗಳಿಗೆಯಲ್ಲೇ ನಿಲ್ಲಿಸಬೇಕಿತ್ತು. ಲೇಖನದ ಉಳಿದ ಭಾಗ ಆ ಪ್ರಶ್ನೆಗೆ ಉತ್ತರ. ಆ ಸಂಜೆ ಇದಕ್ಕಿಂತ ರಂಗಾದ ಜಗಳವೂ ಒಂದು ನಡೆದಿತ್ತು, ಪಾರ್ಕಿಂಗ್ ವಿಷಯಕ್ಕೆ. ಬೈಗುಳವೂ ಚೆನ್ನಾಗಿತ್ತು. ಅದರಿಂದ ಹೂವಿನ ವ್ಯಾಪಾರದ ಬಗ್ಗೆ ಏನೂ ತಿಳಿಯುತ್ತಿರಲಿಲ್ಲ, ಬಿಟ್ಟೆ.

ಉತ್ತರಕ್ಕೆ ಲೆಕ್ಕ ಬೇಕು. ‘ದಿನಕ್ಕೆ ಎಷ್ಟು ಉಳಿಯುತ್ತೆ?’ ಎಂದು ನೇರವಾಗಿ ಕೇಳಿದರೆ ಯಾವ ವ್ಯಾಪಾರಿಯೂ ಸರಿಯಾಗಿ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಹಾಗಾಗಿ ಒಂದು ಕೆಜಿ ಮೊಗ್ಗಿನ ಹಿಂದೆ ಬಿದ್ದೆ. ಕೆ.ಆರ್. ಮಾರ್ಕೆಟ್ಟಿಗೆ ಅವರ ಜೊತೆಗೇ ಹೋಗಿ ಕೊಂಡ ರೇಟು ನೋಡಿದೆ. ಕಟ್ಟಿದ ಮೇಲೆ ಎಷ್ಟು ಮೊಳ ಬರುತ್ತದೆ ಎಂದು ಅವರೇ ಹೇಳಿದರು. ಬಿಗಿಯಾಗಿ ಕಟ್ಟಿದರೆ ಕೆಜಿಗೆ ಸುಮಾರು ಮೂವತ್ತು. ಸಾಮಾನ್ಯ ದಿನ ಕೆಜಿ 400 ರೂಪಾಯಿ ಎಂದಿಟ್ಟುಕೊಂಡರೆ ಒಂದು ಮೊಳಕ್ಕೆ ಅಸಲು 13 ರೂಪಾಯಿ ಚಿಲ್ಲರೆ. ಮಾರುವುದು 30ಕ್ಕೆ, ಉಳಿಯುವುದು ಹದಿನೇಳರ ಹತ್ತಿರ. ಹಬ್ಬದ ಹಿಂದಿನ ದಿನ ಕೆಜಿ 1,200 ಆಗಿತ್ತು, ಅಂದರೆ ಮೊಳಕ್ಕೆ ಅಸಲೇ 40. ರೇಟು ಮೂರು ಪಟ್ಟಾಯಿತೆಂದು ಮೊಳಕ್ಕೆ 90 ಹೇಳಿದರೆ ಗಾಂಧಿ ಬಜಾರಿನಲ್ಲೂ ಜನ ಮುಂದಿನ ಬುಟ್ಟಿಗೆ ಹೋಗುತ್ತಾರೆ. ಐವತ್ತು ಅಂದರೆ ನಿಲ್ಲುತ್ತಾರೆ. ಐವತ್ತಕ್ಕೆ ಪೂರ್ತಿ ಮೊಳ ಕೊಟ್ಟರೆ ಉಳಿಯುವುದು ಹತ್ತು. ಮೊಳಕ್ಕೆ ಇಪ್ಪತ್ತನಾಲ್ಕು ಬೆರಳು, ನಾಲ್ಕು ಬೆರಳು ಕಡಿಮೆ ಅಳೆದರೆ ಅದೇ ಕೆಜಿಯಲ್ಲಿ ಮೂವತ್ತಾರು ತುಂಡು ಆಗುತ್ತದೆ, ಒಂದೊಂದಕ್ಕೆ ಅಸಲು 33 ಚಿಲ್ಲರೆ, ಉಳಿಯುವುದು ಹದಿನೇಳರ ಹತ್ತಿರ. ಹೆಚ್ಚುಕಡಿಮೆ ಮಾಮೂಲಿ ದಿನದ್ದೇ ಲಾಭ. ಇದರಲ್ಲಿ ದಾರ, ಆಟೋ, ಮಾರದೆ ಬಾಡಿದ ಹೂವು ಲೆಕ್ಕಕ್ಕೆ ಬಂದಿಲ್ಲ. ಗಿರಾಕಿಗೂ ಕೈ ಗಿಡ್ಡವಾಗಿರುವುದು ಗೊತ್ತು, ಮಾರುವವರಿಗೂ ಗೊತ್ತು. ಐವತ್ತು ಎಂಬ ದರ ಇಬ್ಬರಿಗೂ ಒಪ್ಪಿಗೆಯಾಗಿರುವುದರಿಂದ ಅಳತೆ ಬಾಗುತ್ತದೆ.

ಈ ಲೆಕ್ಕ ಗೊತ್ತಿದ್ದರಿಂದಲೇ ದೃಶ್ಯದಲ್ಲಿ ‘ನಾಲ್ಕು ಬೆರಳು’ ಎಂದು ಬರೆಯುವ ಧೈರ್ಯ ಬಂತು. ಲೆಕ್ಕ ಗೊತ್ತಿಲ್ಲದೆ ಅದೇ ಸಂಜೆಯನ್ನು ಬರೆದಿದ್ದರೆ ನನ್ನ ಕಣ್ಣು ಮೊಗ್ಗಿನ ಬಿಳುಪಿನ ಮೇಲೋ ಹಬ್ಬದ ಗದ್ದಲದ ಮೇಲೋ ಹೋಗುತ್ತಿತ್ತು. ದೃಶ್ಯದಿಂದ ಶುರುಮಾಡುವವರು ಮೊದಲು ಮುಗಿಸಬೇಕಾದದ್ದು ಲೇಖನದ ಹೊಟ್ಟೆಯ ಭಾಗದ ವರದಿಗಾರಿಕೆಯನ್ನು. ಆಮೇಲೆ ತಿರುಗಿ ಪುಸ್ತಕ ನೋಡಿದರೆ ಯಾವ ನಿಮಿಷ ಮುಂದೆ ಬರಬೇಕೆಂದು ತಾನೇ ಕಾಣುತ್ತದೆ.

ದೃಶ್ಯ ಮುಗಿದ ಕೂಡಲೇ ಹಿಂದೆ ಸರಿದು ‘ಇವರು ಯಾರು, ಈ ಕಥೆ ಈಗ ಯಾಕೆ’ ಎಂದು ಹೇಳುವ ಒಂದು ಪ್ಯಾರಾ ಬೇಕೇ ಬೇಕು. ಅದು ತಡವಾದಷ್ಟೂ ಓದುಗರಿಗೆ ತಾಳ್ಮೆ ತಪ್ಪುತ್ತದೆ. ನನ್ನದರಲ್ಲಿ ಅದು ಸಾಲದ ಪ್ಯಾರಾ. ಹಬ್ಬದ ಮಾಲಿಗೆ ಬೆಳಗಿನ ಜಾವವೇ ನಗದು ಬೇಕು. ಬೆಳಿಗ್ಗೆ 900 ಕೈಗೆ ಪಡೆದು ಸಂಜೆ 1,000 ಕೊಡುವ ದಿನಬಡ್ಡಿ ಇಲ್ಲಿ ಹಳೆಯ ವಾಡಿಕೆ. ಒಂದೇ ದಿನಕ್ಕೆ ನೂರಕ್ಕೆ ಹನ್ನೊಂದು ಬಿತ್ತು. 2020ರಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆಯಲ್ಲಿ ಮೊದಲ ಸಾಲ 10,000 ರೂಪಾಯಿ ಇತ್ತು, ಕಟ್ಟುವುದು ತಿಂಗಳ ಕಂತಿನಲ್ಲಿ. ಅದನ್ನೂ ಇವರು ಪಡೆದು ತೀರಿಸಿದ್ದರು. ಆದರೂ ಹಬ್ಬದ ಹಿಂದಿನ ದಿನ ದಿನಬಡ್ಡಿಯವರೇ ಬೇಕಾಗುತ್ತಾರೆ, ಏಕೆಂದರೆ ರೇಟು ಎಷ್ಟು ಏರುತ್ತದೆಂದು ಮಾರ್ಕೆಟ್ಟಿಗೆ ಕಾಲಿಟ್ಟ ಮೇಲೆಯೇ ತಿಳಿಯುವುದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಬಗ್ಗೆ ಎರಡೇ ವಾಕ್ಯ ಹಾಕಿದೆ: ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ಕಾಯ್ದೆ ಇನ್ನೂ ಉದ್ದವಾಗಿದ್ದರೆ ಹೂವಿನವರು ಲೇಖನದಿಂದ ಎದ್ದು ಹೋಗುತ್ತಿದ್ದರು.

ನಾನು ಕಣ್ಣಾರೆ ಕಾಣದ್ದನ್ನು ದೃಶ್ಯ ಮಾಡಲಿಲ್ಲ. ಗಂಡ ತೀರಿಕೊಂಡ ಮೇಲೆ ಮೊದಲ ಬಾರಿ ಬುಟ್ಟಿ ಹಿಡಿದು ಕೂತ ದಿನವನ್ನು ಅವರು ಎಷ್ಟು ಚೆನ್ನಾಗಿ ಹೇಳಿದರೆಂದರೆ ಅಲ್ಲಿಂದಲೇ ಶುರುಮಾಡುವ ಆಸೆಯಾಗಿತ್ತು. ಆದರೆ ಆ ದಿನದ ಬಿಸಿಲು, ಎದುರಿಗಿದ್ದವರ ಮುಖ ಎಲ್ಲವನ್ನೂ ನಾನೇ ಹೊಲಿಯಬೇಕಾಗುತ್ತಿತ್ತು. ಅವರ ಮಾತನ್ನೇ ಉದ್ಧರಣೆಯಲ್ಲಿಟ್ಟು ನಡುವೆ ಹಾಕಿದೆ. ಬಡ್ಡಿಯವರು ಸಂಜೆ ಸ್ಕೂಟರಿನಲ್ಲಿ ಬಂದದ್ದನ್ನು ನೋಡಿದ್ದೆ, ಅದನ್ನೂ ಬರೆಯಲಿಲ್ಲ. ಸ್ಕೂಟರಿನ ಬಣ್ಣ ಹೇಳಿದರೂ ಆ ಬೀದಿಯಲ್ಲಿ ಯಾರೆಂದು ಗೊತ್ತಾಗುತ್ತದೆ, ನಾಳೆ ಬೆಳಿಗ್ಗೆ ದುಡ್ಡು ಕೇಳಬೇಕಾದವರು ನಾನಲ್ಲ.

ಅಚ್ಚಿಗೆ ಹೋಗುವ ಮೊದಲು ಮೊತ್ತಗಳನ್ನೂ ಆ ಸಂಭಾಷಣೆಯನ್ನೂ ಅವರಿಗೆ ಓದಿ ಹೇಳಿದೆ. ಇಡೀ ಲೇಖನ ಓದಿ ಒಪ್ಪಿಗೆ ಕೇಳುವ ಪದ್ಧತಿ ನನಗಿಲ್ಲ, ಆದರೆ ಅಂಕಿ ಮತ್ತು ಆಡಿದ ಮಾತು ಅವರದೇ, ಸರಿನೋಡುವ ಹಕ್ಕು ಅವರಿಗಿದೆ. ಮೊಳ ಗಿಡ್ಡ ಮಾಡಿದ್ದನ್ನು ತೆಗೆಯಿರಿ ಅನ್ನುತ್ತಾರೇನೋ ಅಂದುಕೊಂಡಿದ್ದೆ. ಅದಕ್ಕೆ ನಕ್ಕುಬಿಟ್ಟರು: ‘ಅದು ಎಲ್ರಿಗೂ ಗೊತ್ತಿರೋದೇ ಬಿಡಿ.’ ಅವರು ತೆಗೆಸಿದ್ದು ಬೇರೆ. ನಾನು ಯಾವ ಅಂಗಡಿಯ ಮುಂದೆ ಎಂದು ಹೆಸರು ಬರೆದಿದ್ದೆ. ‘ಆ ಅಂಗಡಿಯವರು ಪಾಪ ಬುಟ್ಟಿ ಇಡೋಕೆ ಬಿಟ್ಟಿದ್ದಾರೆ. ಹೆಸರು ಹಾಕಿದ್ರೆ ಅವರನ್ನ ಕೇಳ್ತಾರೆ’ ಅಂದರು. ಆ ಸಾಲು ಹೊಡೆದು ‘ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ’ ಎಂದಷ್ಟೇ ಉಳಿಸಿ ಪ್ರತಿ ಕಳಿಸಿದೆ.