ಒಂದನೇ ಕ್ಲಾಸಿನ ಮಕ್ಕಳಿಗೆ ‘=’ ಅಂದ್ರೆ ಏನು ಅಂತ ಕಂಡುಹಿಡಿದ ಬಗೆ (ನನ್ನ ಅನುಭವ)

ಎರಡು ವರ್ಷದ ಹಿಂದೆ ಕ್ಲಸ್ಟರ್ ಮೀಟಿಂಗಲ್ಲಿ ನಾನು ಬೋರ್ಡ್ ಮೇಲೆ 3 + 4 = □ + 2 ಅಂತ ಬರೆದು, ಇದನ್ನ ಒಂದನೇ ಕ್ಲಾಸಿಗೆ ಕೇಳ್ಬೇಕು ಅಂದಾಗ ಒಬ್ಬರು ಸೀನಿಯರ್ ಮೇಷ್ಟ್ರು "ಒಂದನೇ ಕ್ಲಾಸಿಗೇ ಬೀಜಗಣಿತನಾ ಮೇಡಂ" ಅಂದ್ರು, ಎಲ್ರೂ ನಕ್ರು. ಹೋದ ತಿಂಗಳು ಅದೇ ಮೀಟಿಂಗಲ್ಲಿ ಅವರೇ ನನ್ನ ಕಾರ್ಡುಗಳ ಫೋಟೋ ತಗೊಂಡ್ ಹೋದ್ರು. ಅದಕ್ಕೇ ಇದನ್ನ ಬರೀತಿದೀನಿ. ತೀರ್ಥಹಳ್ಳಿ ಕಡೆ ಕಾಡಂಚಿನ ಸಣ್ಣ ಸ್ಕೂಲು ನಂದು, ನಲಿಕಲಿ, ಒಂದರಿಂದ ಮೂರನೇ ಕ್ಲಾಸ್ ಒಂದೇ ರೂಮಲ್ಲಿ.

ಮೊದಲನೇ ವರ್ಷ ಪೂರ್ತಿ ದಾರಿ ತಪ್ಪಿದ್ದೆ. "ಈ ಚಿಹ್ನೆ ಅಂದ್ರೆ ಏನು?" ಅಂತ ನೇರವಾಗಿ ಕೇಳ್ದೆ, ಎಲ್ರೂ ಒಟ್ಟಿಗೆ "ಈಕ್ವಲ್ ಟೂ" ಅಂತ ಕೂಗಿದ್ರು. ಅದು ಚಿಹ್ನೆಯ ಹೆಸರು, ಅರ್ಥ ಅಲ್ಲ. ಆಮೇಲೆ 4 + 3 = □ + 0 ಕೊಟ್ಟೆ, ಒಂಬತ್ತು ಮಕ್ಕಳಲ್ಲಿ ಒಂಬತ್ತೂ 7 ಬರೆದ್ವು, ಮನೆಗೆ ಹೋಗಿ ಖುಷಿಯಿಂದ ಹೇಳ್ಕೊಂಡೆ. ಮಾರನೇ ದಿನ 4 + 3 = □ + 1 ಕೊಟ್ರೆ ಮತ್ತೆ 7. ಅಂದ್ರೆ ನಿನ್ನೆಯ 7 ತಪ್ಪು ತಿಳುವಳಿಕೆಯಿಂದ ಬಂದ ಸರಿ ಉತ್ತರ. 2 + 3 = □ + 3 ಥರದ್ದೂ ಅಷ್ಟೇ, ಆ ಕಡೆ ಇರೋದನ್ನೇ ಈ ಕಡೆ ನೋಡಿ ಬರೆದ್ರೂ ಸರಿಯಾಗ್ಬಿಡುತ್ತೆ, ಮಗು ಏನ್ ಯೋಚಿಸ್ತು ಅಂತ ನಮಗೆ ಗೊತ್ತಾಗಲ್ಲ.

ಹಾಗಾಗಿ ಒಂದೊಂದು ತಪ್ಪು ಯೋಚನೆಗೂ ಬೇರೆ ಬೇರೆ ಉತ್ತರ ಬರೋ ಹಾಗೆ ಸಂಖ್ಯೆ ಆರಿಸ್ಬೇಕು. ಅಮೆರಿಕದ ಸಂಶೋಧಕರು 8 + 4 = □ + 5 ಕೇಳಿ 12, 17 ಅನ್ನೋ ಉತ್ತರ ಪಡೆದಿದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. ನಮ್ಮ ಒಂದನೇ ಕ್ಲಾಸಿಗೆ ಹತ್ತು ದಾಟಿದ್ರೆ ಎಣಿಸೋದ್ರಲ್ಲೇ ಸುಸ್ತಾಗಿ ತಪ್ಪು ಮಾಡ್ತಾರೆ, ಆ ತಪ್ಪು ಚಿಹ್ನೆದಾ ಎಣಿಕೆದಾ ಗೊತ್ತಾಗಲ್ಲ. ಅದಕ್ಕೇ 3 + 4 = □ + 2. ಇದರಲ್ಲಿ 7 ಬರೆದ್ರೆ, ‘=’ ಆದ್ಮೇಲೆ ಉತ್ತರ ಬರೀಬೇಕು ಅಂತ ನಂಬಿರೋ ಮಗು. 9 ಬರೆದ್ರೆ, ಕಾಣೋದನ್ನೆಲ್ಲಾ ಕೂಡಿಸೋ ಮಗು. 5 ಬರೆದ್ರೆ ಎರಡು ಕಡೆನೂ ನೋಡಿರೋ ಮಗು, ಆದ್ರೂ "ಹೇಗೆ ಬಂತು" ಅಂತ ಕೇಳ್ಲೇಬೇಕು. ನನ್ನ ಮೊದಲ ಬ್ಯಾಚಲ್ಲಿ ಆರು ಜನ 7, ಇಬ್ಬರು 9, ಒಬ್ಬ 5 ಅಂತ ನೆನಪು, ಆ 5 ಕೂಡ ಅಂದಾಜಲ್ಲಿ ಬರೆದಿದ್ದು.

ಎರಡನೇ ಪ್ರಶ್ನೆ 7 = □ + 3. ಇದಕ್ಕೆ 10 ಬಂದ್ರೆ ಮಗು ಚಿಹ್ನೆ ನೋಡೇ ಇಲ್ಲ. ಕೆಲವು ಮಕ್ಕಳು ಬರೆಯೋದೇ ಇಲ್ಲ, "ಉಲ್ಟಾ ಬರ್ದಿದೀರಿ" ಅಂತ ಸ್ಲೇಟ್ ವಾಪಸ್ ಕೊಡ್ತಾವೆ, ಅದೂ ಒಂದು ಉತ್ತರನೇ, ಬರೆದಿಟ್ಕೊಳ್ಳಿ. ಆಮೇಲೆ ಸರಿ-ತಪ್ಪು ಕಾರ್ಡು: 6 = 6, 7 = 3 + 4, 3 + 4 = 7 + 2. 6 = 6 ಅನ್ನ ಸುಮಾರು ಮಕ್ಕಳು ತಪ್ಪು ಅಂತಾರೆ, "ಲೆಕ್ಕನೇ ಇಲ್ವಲ್ಲ" ಅಂತ ಕಾರಣನೂ ಕೊಡ್ತಾರೆ. 3 + 4 = 7 + 2 ಮಾತ್ರ ಸರಿ ಅಂತಾರೆ. ಸರಿ-ತಪ್ಪಲ್ಲಿ ಅರ್ಧಕ್ಕರ್ಧ ಊಹೆಯಲ್ಲೇ ಸರಿಯಾಗುತ್ತೆ, ಹಾಗಾಗಿ ಕಾರಣ ಕೇಳದೆ ಮಾರ್ಕು ಹಾಕೋದು ವ್ಯರ್ಥ. ಕಾರ್ಡುಗಳನ್ನ ಯಾವ ಕ್ರಮದಲ್ಲಿ ತೋರಿಸ್ಬೇಕು ಅನ್ನೋದು ಮುಖ್ಯ, ಆ ಕ್ರಮ ಮಾತ್ರ ಇಲ್ಲಿ ಬರೆಯಲ್ಲ, ಅದು ನಾನು ಎರಡು ವರ್ಷ ಬೆವರಿಳಿಸಿ ಕಂಡ್ಕೊಂಡಿದ್ದು.

ಕಿಟಕಿ ಪಕ್ಕ ಕೂರೋ ಒಬ್ಬಳು ಹುಡುಗಿ ಬಗ್ಗೆ ಹೇಳ್ಲೇಬೇಕು. ಜುಲೈ, ಹೊರಗೆ ಜಡಿಮಳೆ, ಬಂದಿದ್ದೇ ಐದಾರು ಮಕ್ಕಳು, ಹಾಗಾಗಿ ಅವಳ ಪಕ್ಕನೇ ಕೂತು ನೋಡೋಕೆ ಟೈಮ್ ಸಿಕ್ತು. 3 + 4 = □ + 2 ಕೊಟ್ಟೆ. ಅವಳು ಎಡಗೈ ಹೆಬ್ಬೆರಳನ್ನ + 2 ಮೇಲೆ ಒತ್ತಿ ಮುಚ್ಕೊಂಡು, ಡಬ್ಬಿಯಲ್ಲಿ ನೀಟಾಗಿ 7 ಬರೆದಳು.

"ಬೆರಳು ಯಾಕೆ ಇಟ್ಟೆ ಪುಟ್ಟಿ?"

"ಅಕ್ಕೋರೇ, ಇದು ನೀವು ಜಾಸ್ತಿ ಬರ್ದಿದೀರಿ."

ಎರಡು ಅಡಿಕೆ ಹಾಳೆ ತಟ್ಟೆ ಇಟ್ಟೆ. ಒಂದರಲ್ಲಿ 3 ಗೋಟಡಿಕೆ, ಅದರ ಪಕ್ಕ 4. ಇನ್ನೊಂದರಲ್ಲಿ 2. "ಎರಡು ತಟ್ಟೆಲೂ ಒಂದೇ ಲೆಕ್ಕ ಆಗ್ಬೇಕು, ಈ ಕಡೆ ಇನ್ನೆಷ್ಟು ಹಾಕ್ತೀಯ?" ಒಂದು ನಿಮಿಷನೂ ಆಗ್ಲಿಲ್ಲ, 5 ಹಾಕಿದಳು. ಸ್ಲೇಟ್ ವಾಪಸ್ ಕೊಟ್ರೆ ಮತ್ತೆ ಹೆಬ್ಬೆರಳು, ಮತ್ತೆ 7. ಆವತ್ತು ನನಗೆ ಅರ್ಥ ಆಗಿದ್ದು, ಅವಳಿಗೆ ಲೆಕ್ಕ ಬರುತ್ತೆ, ಆ ಎರಡು ಗೆರೆಗೆ ‘ಎಷ್ಟಾಯ್ತು?’ ಅನ್ನೋ ಅರ್ಥ ಕೊಟ್ಟಿದ್ದು ನಾವೇ. ಕಾರ್ಡು, ವರ್ಕ್‌ಬುಕ್ಕು ಎಲ್ಲಾದ್ರಲ್ಲೂ ಡಬ್ಬಿ ಕೊನೇಲೇ ಇರೋದು, ನಾನೂ ‘=’ ಬಂದಾಗೆಲ್ಲಾ "ಮೂರು ನಾಕು ಸೇರಿದ್ರೆ ಎಷ್ಟಾಯ್ತು" ಅಂತ ಓದ್ತಿದ್ದೆ. ಅವತ್ತಿಂದ ಆ ಮಾತು ಬಿಟ್ಟೆ, "ಈ ಕಡೆನೂ ಆ ಕಡೆನೂ ಒಂದೇ" ಅಂತ ಓದೋಕೆ ಶುರು ಮಾಡ್ದೆ. ತಟ್ಟೆಗಳ ನಡುವೆ ‘=’ ಕಾರ್ಡು ಇಡೋದು, ಒಂದೊಂದು ಅಡಿಕೆ ಗುಂಪಿನ ಕೆಳಗೆ ಅದರ ಸಂಖ್ಯೆ ಬರೆಯೋದು, ಆಮೇಲೆ ಅಡಿಕೆ ತೆಗೆದು ಸಂಖ್ಯೆ ಮಾತ್ರ ಉಳಿಸೋದು. ಅಡಿಕೆ ತೆಗೆಯೋ ಹೊತ್ತಲ್ಲೇ ಮಗು ಹಳೇ ದಾರಿಗೆ ಜಾರೋದು, ಅಲ್ಲಿ ಅವಸರ ಮಾಡಬಾರ್ದು. ಅವಳಿಗೆ ಬೆರಳು ತೆಗೆಯೋಕೆ ಎಂಟು ಹತ್ತು ದಿನ ಹಿಡೀತು.

ದುಡ್ಡಿನ ವಿಷಯ. ತಟ್ಟೆಗಿಂತ ಮುಂಚೆ ತಕ್ಕಡಿ ತಂದಿದ್ದೆ, ಶಿವಮೊಗ್ಗದಿಂದ, ಸುಮಾರು 650 ರೂಪಾಯಿ ನನ್ನ ಕೈಯಿಂದ. ಅಡಿಕೆ ಹಾಕಿ ತೂಗಿದ್ರೆ ಒಂದು ದಪ್ಪ ಒಂದು ಸಣ್ಣ, 7 ಮತ್ತು 7 ಇಟ್ರೂ ಒಂದು ಕಡೆ ವಾಲುತ್ತೆ, ಮಕ್ಕಳು "ಸಮ ಇಲ್ಲ" ಅಂತ ಸರಿಯಾಗೇ ಹೇಳಿದ್ವು. ಗೋಲಿ ಹಾಕಿದ್ಮೇಲೆ ವಾಲೋದು ನಿಂತ್ರೂ ಮಕ್ಕಳಿಗೆ ತೂಕದ ಆಟನೇ ಜಾಸ್ತಿ ಆಯ್ತು. ಹಾಳೆ ತಟ್ಟೆ ಒಂದಕ್ಕೆ ಮೂರ್ನಾಲ್ಕು ರೂಪಾಯಿ, ಅಡಿಕೆ ಮಕ್ಕಳ ಮನೇದೇ. ಕಾರ್ಡಿಗೆ ಲ್ಯಾಮಿನೇಷನ್ ಬೇಕೇ ಬೇಕು, ಮೊದಲ ಸೆಟ್ ಮಳೆಗಾಲದಲ್ಲಿ ಬೂಷ್ಟು ಹಿಡಿದು ಹೋಯ್ತು, ಎರಡನೇದಕ್ಕೆ 300 ಆಯ್ತೇನೋ.

ಮಧ್ಯದಲ್ಲಿ ಇನ್ನೊಂದು ಪ್ರಯೋಗ ಮಾಡಿದ್ದೆ. ಹದಿನೈದು ದಿನ ಬರೀ 7 = 3 + 4 ರೀತಿಯಲ್ಲೇ ಬರೆಸ್ದೆ. ಆಮೇಲೆ ನೋಡಿದ್ರೆ ಕೆಲವರು "ಉತ್ತರ ಮೊದ್ಲು ಬರೀಬೇಕು" ಅನ್ನೋ ಹೊಸ ನಿಯಮ ಕಟ್ಕೊಂಡಿದ್ರು! ಈಗ ಎಲ್ಲಾ ರೂಪನೂ ಒಂದೇ ದಿನ ಕಲಸಿ ಕೊಡ್ತೀನಿ. ಅದೇ ರೂಮಿನ ಮೂರನೇ ಕ್ಲಾಸಿನವನೊಬ್ಬ 3 + 4 = 7 + 2 = 9 ಅಂತ ಉದ್ದಕ್ಕೆ ಬರೀತಿದ್ದ, ಅವನನ್ನೂ ತಟ್ಟೆ ಮುಂದೆ ಕೂರಿಸ್ದೆ. 1557ರಲ್ಲಿ ರಾಬರ್ಟ್ ರೆಕಾರ್ಡ್ ಈ ಚಿಹ್ನೆ ಬಳಸಿದಾಗ, ಒಂದೇ ಉದ್ದದ ಎರಡು ಗೆರೆಗಿಂತ ಸಮಾನವಾದ್ದು ಬೇರೆ ಇಲ್ಲ ಅಂತ ಕಾರಣ ಕೊಟ್ಟಿದ್ದ, ಅದನ್ನ ಹೇಳಿದ್ಮೇಲೆ ಆ ಹುಡುಗ ಗೆರೆಗಳನ್ನ ಸ್ಕೇಲಿಟ್ಟು ಎಳೀತಾನೆ.

ಎರಡನೇ ಬ್ಯಾಚಲ್ಲಿ ಹನ್ನೊಂದು ಮಕ್ಕಳು. ಆರೇಳು ವಾರ ಆದ್ಮೇಲೆ 2 + 6 = □ + 3 ಅನ್ನೋ ಹೊಸ ಲೆಕ್ಕಕ್ಕೆ ಎಂಟು ಜನ 5 ಬರೆದ್ರು, ಕಾರಣನೂ ಹೇಳಿದ್ರು. ಉಳಿದ ಮೂವರಿಗೆ ತಟ್ಟೆ ಇನ್ನೂ ಬೇಕು. ಈಗ ಕಳೆಯೋ ಲೆಕ್ಕದಲ್ಲಿ ಸಿಕ್ಕಾಕೊಂಡಿದೀನಿ. 8 − 3 = □ − 1 ಕೊಟ್ರೆ ಆ ಎಂಟರಲ್ಲೂ ಅರ್ಧ ಜನ 5 ಬರೀತಾರೆ, ಒಬ್ಬಳು 4. ಬರಬೇಕಾದ 6 ಅನ್ನ ತಟ್ಟೇಲಿ ತೋರ್ಸೋದು ಕಷ್ಟ, ಮೊದ್ಲು ಹಾಕಿ ಆಮೇಲೆ ತೆಗೀಬೇಕಲ್ಲ, ತೆಗೆದ ಅಡಿಕೆ ಕಣ್ಣಿಗೇ ಬೀಳಲ್ಲ. ತೆಗೆದಿದ್ದನ್ನ ತಟ್ಟೆ ಅಂಚಲ್ಲೇ ಮಗುಚಿದ ಲೋಟದ ಕೆಳಗೆ ಇಟ್ಟು ನೋಡ್ತಿದೀನಿ, ಸೋಮವಾರದಿಂದ ಶುರು ಮಾಡಿದ್ದು.