ಅಮ್ಮನ ಮಂಡಿ ಆಪರೇಷನ್: ಕ್ಲೇಮ್‌ನಲ್ಲಿ ಕಡಿತವಾದ ದುಡ್ಡಿನ ಲೆಕ್ಕ

ಅಮ್ಮನ ಒಂದು ಮಂಡಿ ಬದಲಿಸಿದಾಗ ಬಿಲ್ 2,60,000 ರೂಪಾಯಿ ಆಯಿತು. ಪಾಲಿಸಿ 5 ಲಕ್ಷದ್ದು. ಆದರೂ ವಿಮೆ ಕಂಪನಿ ಮಂಜೂರು ಮಾಡಿದ್ದು 1,62,500 ಮಾತ್ರ. ಈ ಸಂಖ್ಯೆ ಹೇಗೆ ಬಂತು ಅಂತ ನೋಡಲು ಕಡಿತದ ವಿವರವನ್ನು ಬರಹದಲ್ಲಿ ಕೇಳಿ ತರಿಸಿಕೊಂಡೆ.

ಮೊದಲು ಒಳಗಿಡುವ ಕೃತಕ ಮಂಡಿಯ, ಅಂದರೆ ಇಂಪ್ಲಾಂಟ್‌ನ ಬೆಲೆ ನೋಡಿದೆ. 2017ರಲ್ಲಿ ಸರ್ಕಾರ ಸ್ಟೆಂಟ್‌ಗೂ ಮಂಡಿ ಇಂಪ್ಲಾಂಟ್‌ಗೂ ಗರಿಷ್ಠ ಬೆಲೆ ಕಟ್ಟಿತು. ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ಆಗ 54,720 ರೂಪಾಯಿ, ಮೇಲೆ ಜಿಎಸ್‌ಟಿ. ಆಮೇಲೆ ದರ ಪರಿಷ್ಕರಣೆಯಾಗುತ್ತಾ ಬಂದಿದೆ. ಇಂಪ್ಲಾಂಟ್ ಬಿಲ್ ಆಗ ಜಾರಿಯಲ್ಲಿರುವ ಮಿತಿಗಿಂತ ಜಾಸ್ತಿ ಇದ್ದರೆ ವಿಮೆಯವರು ಮಿತಿಯವರೆಗೆ ಮಾತ್ರ ಕೊಡುತ್ತಾರೆ. ಉಳಿದದ್ದನ್ನು ನಾವು ತೆರಬೇಕಾಗಿಲ್ಲ, ಆಸ್ಪತ್ರೆಯನ್ನೇ ಕೇಳಬೇಕು. ಅದಕ್ಕೇ ಬ್ರ್ಯಾಂಡ್, ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಮತ್ತು ಇಂಪ್ಲಾಂಟ್‌ನ ಪ್ರತ್ಯೇಕ ಬಿಲ್ ಬೇಕು. ನಮ್ಮದು ಜಿಎಸ್‌ಟಿ ಸೇರಿ 57,000. ಅಲ್ಲಿ ತಕರಾರಿಲ್ಲ.

ತಕರಾರಿದ್ದದ್ದು ರೂಮಿನಲ್ಲಿ. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ 5,000 ಮಿತಿ. ನಾವಿದ್ದದ್ದು 8,000ದ ರೂಮಿನಲ್ಲಿ. ಹಾಗಾಗಿ ಅವರು ಇಡೀ ಬಿಲ್‌ಗೆ ಎಂಟರಲ್ಲಿ ಐದು ಪಾಲು ಹಿಡಿದಿದ್ದರು. ಇದು ತಪ್ಪು. ವಿಮೆ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐನ 2020ರ ನಿಯಮದ ಪ್ರಕಾರ ಇಂಪ್ಲಾಂಟ್, ಔಷಧಿ, ಪರೀಕ್ಷೆಗಳ ಮೇಲೆ ಈ ಕಡಿತ ಹಾಕುವಂತಿಲ್ಲ. ಅಲ್ವಾ ಮತ್ತೆ, ರೂಮ್ ದೊಡ್ಡದಾದರೆ ಒಳಗಿಡುವ ಲೋಹದ ಬೆಲೆ ಏರುತ್ತದೆಯೇ?

ನಾನೇ ಲೆಕ್ಕ ಹಾಕಿ ಕಳಿಸಿದೆ. ನಾಲ್ಕು ದಿನದ ರೂಮಿಗೆ 32,000ದಲ್ಲಿ 20,000. ಡಾಕ್ಟರ್ ಫೀಸು, ಥಿಯೇಟರ್, ನರ್ಸಿಂಗ್ 1,20,000ದಲ್ಲಿ 75,000. ಇಂಪ್ಲಾಂಟ್ 57,000 ಪೂರ್ತಿ. ಔಷಧಿ, ಪರೀಕ್ಷೆ 51,000 ಪೂರ್ತಿ. ಒಟ್ಟು 2,03,000. ಜೊತೆಗೆ ಪಾಲಿಸಿ ಪುಸ್ತಕದಲ್ಲಿ ಇದೇ ವಿನಾಯಿತಿ ಬರೆದಿದ್ದ ಪುಟವನ್ನೂ ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಮಾಡಿದೆ. ಒಪ್ಪಿದರು.

ಆದರೆ ಕೈಗೆ ಬಂದದ್ದು 1,80,000. ಒಂದು ಮಂಡಿಗೆ ಇಷ್ಟೇ ಎಂಬ ಸಬ್-ಲಿಮಿಟ್ ಪಾಲಿಸಿಯಲ್ಲಿತ್ತು. ಇಂಪ್ಲಾಂಟ್ ಕೂಡ ಅದರೊಳಗೇ. ಅಲ್ಲಿಗೆ ವಾದ ಮುಗಿಯಿತು, ಯಾಕೆಂದರೆ ಅದಕ್ಕೆ ಸಹಿ ಹಾಕಿಯೇ ಪಾಲಿಸಿ ತಗೊಂಡಿದ್ದೇವೆ. ಗೆದ್ದ 40,500ರಲ್ಲಿ ನಿಜಕ್ಕೂ ಸಿಕ್ಕಿದ್ದು 17,500. ಆದರೆ ಕಡಿತ ಯಾವ ಕ್ರಮದಲ್ಲಿ ಆಗಿದೆ ಅನ್ನುವುದನ್ನು ನೋಡಲೇಬೇಕು. ರೂಮಿನ ಕಡಿತ ಮೊದಲು, ಮಿತಿ ಕೊನೆಗೆ. ಉಲ್ಟಾ ಮಾಡಿ 1,80,000ಕ್ಕೇ ಆ ಕಡಿತ ಹಾಕಿದ್ದರೆ 1,12,500ಕ್ಕೆ ಇಳಿಯುತ್ತಿತ್ತು.

ಈಗ ಇನ್ನೊಂದು ಮಂಡಿಯ ಸರದಿ. ಆಸ್ಪತ್ರೆಯಿಂದ ಎರಡೂ ದರದ ರೂಮಿನ ಅಂದಾಜು ಬಿಲ್ ಕೇಳಿದ್ದೇನೆ. 5,000ದ ರೂಮಿನಲ್ಲಿ ಡಾಕ್ಟರ್ ಫೀಸೂ ಕಡಿಮೆ, ಇಂಪ್ಲಾಂಟ್ ಮಾತ್ರ ಅದೇ 57,000.