ಲಾಡಿ, ಗುಂಡಿ, ಕಿಡಿ: ಮಗುವಿಗೆ ಹಬ್ಬದ ಬಟ್ಟೆ ತೊಡಿಸುವ ಮುನ್ನ

ಕಳೆದ ದೀಪಾವಳಿಗೆ ತಂಗಿ ತನ್ನ ಮಗಳಿಗೆ ರೆಡಿಮೇಡ್ ಲಂಗ-ರವಿಕೆ ತಂದಿದ್ದಳು. ಮಗುವಿಗಿನ್ನೂ ಮೂರು ತುಂಬಿರಲಿಲ್ಲ. ಲಂಗಕ್ಕೆ ಮೇಲೆ ಮಿಣಮಿಣ ನೆಟ್ಟು, ಒಳಗೆ ತೆಳು ಲೈನಿಂಗು, ಸೊಂಟಕ್ಕೆ ಲಾಡಿ. ರವಿಕೆಯ ಬೆನ್ನಿಗೆ ಡೋರಿ, ಡೋರಿಯ ತುದಿಗೆ ಮಣಿ ಪೋಣಿಸಿದ ಗೊಂಡೆ. ಅಂಗಡಿಯ ಗೊಂಬೆಯ ಮೇಲೆ ಚೆಂದವೇ ಕಂಡಿರಬೇಕು. ಆದರೆ ಗೊಂಬೆ ಜಾರುಬಂಡೆ ಹತ್ತುವುದಿಲ್ಲ, ಮಣಿ ಕಿತ್ತು ಬಾಯಿಗೆ ಹಾಕುವುದಿಲ್ಲ, ಸುರ್‌ಸುರ್ ಬತ್ತಿ ಹಿಡಿಯುವುದಿಲ್ಲ. ರಫ್ತು ಗಾರ್ಮೆಂಟ್ಸ್‌ನಲ್ಲಿ ಮಕ್ಕಳ ಬಟ್ಟೆ ಚೆಕ್ ಮಾಡುವ ಕೆಲಸ ಮಾಡಿದ್ದರಿಂದ ನನಗೆ ಸುಮ್ಮನಿರಲು ಆಗಲಿಲ್ಲ. ಟೇಪು, ಕತ್ತರಿ, ಸೂಜಿದಾರ ತೆಗೆದುಕೊಂಡು ಕೂತೆ. ಆವತ್ತು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕುತ್ತಿಗೆ

ಕುತ್ತಿಗೆಯ ಸುತ್ತ, ಟೋಪಿಯ ಅಂಚಿನಲ್ಲಿ ಎಳೆದು ಕಟ್ಟುವ ದಾರ ಇರಲೇಬಾರದು. ಅಮೆರಿಕದಲ್ಲಿ 1997ರಿಂದ ಇರುವ ಮಾನದಂಡದ ಪ್ರಕಾರ 2ರಿಂದ 12ರ ಸೈಜಿನ ಮಕ್ಕಳ ಮೇಲಂಗಿಗಳಿಗೆ ಅಲ್ಲಿ ದಾರ ಹಾಕುವಂತಿಲ್ಲ. ಯುರೋಪಿನಲ್ಲೂ ಏಳು ವರ್ಷದೊಳಗಿನವರಿಗೆ ಇದೇ ನಿಯಮ. ಕಾರಣ ಜಾರುಬಂಡೆ. ಅದರ ತುದಿಯಲ್ಲಿ ಕೂರುವ ಜಾಗಕ್ಕೂ ಪಕ್ಕದ ತಡೆಗೂ ನಡುವೆ ಸಣ್ಣ ಸಂದು ಇರುತ್ತದೆ. ದಾರದ ತುದಿ ಅದರೊಳಗೆ ಇಳಿದು ಸಿಕ್ಕಿಕೊಂಡರೆ ಮಗು ಕೆಳಕ್ಕೆ ಜಾರುತ್ತದೆ, ದಾರ ಮೇಲೇ ಉಳಿಯುತ್ತದೆ. ಬಿಗಿದ ಕುತ್ತಿಗೆಯಿಂದ ಕೂಗೂ ಹೊರಡುವುದಿಲ್ಲ.

ಬರೀ ದಾರವಾದರೆ ಎಷ್ಟೋ ಸಲ ಜಾರಿ ಹೊರಬರುತ್ತದೆ. ಸಿಕ್ಕಿಹಾಕಿಕೊಳ್ಳುವುದು ಅದರ ತುದಿಯ ಗಂಟು, ಮಣಿ, ಗೊಂಡೆ. ತಂಗಿ ನಂಬಲಿಲ್ಲ. ಮನೆಯ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿನ ಸೀಳಿಗೆ ಗೊಂಡೆಯನ್ನು ಇಳಿಬಿಟ್ಟು, ಡೋರಿ ಹಿಡಿದು ಕೆಳಕ್ಕೆ ಜಗ್ಗಿದೆ. ಗೊಂಡೆ ಬರಲಿಲ್ಲ, ಕುರ್ಚಿಯೇ ವಾಲಿ ಬಂತು. ಆಮೇಲೆ ಅವಳೇ ಕತ್ತರಿ ಕೊಟ್ಟಳು. ಡೋರಿಯನ್ನು ಬುಡಸಮೇತ ಬಿಚ್ಚಿ, ಆ ಜಾಗಕ್ಕೆ ಎರಡು ಹುಕ್ಕು ಹೊಲಿದೆವು. ಕೂಸಿನ ಕುಲಾವಿಗೂ ಗದ್ದದ ಕೆಳಗೆ ಕಟ್ಟುವ ದಾರ ಇರುತ್ತದಲ್ಲ, ಅದನ್ನು ಮಡಿಲಲ್ಲಿದ್ದಾಗ ಕಟ್ಟಿ, ತೊಟ್ಟಿಲಿಗೆ ಹಾಕುವಾಗ ಕುಲಾವಿಯನ್ನೇ ತೆಗೆದುಬಿಡಿ.

ಸೊಂಟದ ಲಾಡಿ ಇರಬಹುದು, ಆದರೆ ಗಿಡ್ಡವಾಗಿ. ಉದ್ದನೆಯ ತುದಿ ಬಸ್ಸಿನ ಬಾಗಿಲಿಗೂ ಸ್ಕೂಟರಿನ ಚಕ್ರಕ್ಕೂ ಸಿಗುತ್ತದೆ. ಅಳೆಯುವುದಕ್ಕೊಂದು ಕ್ರಮವಿದೆ. ಸೊಂಟದ ನಿರಿಗೆಯನ್ನೆಲ್ಲ ಬಿಡಿಸಿ, ಬಟ್ಟೆಯನ್ನು ಪೂರ್ತಿ ಅಗಲಕ್ಕೆ ಹರಡಿ, ಆಗ ಹೊರಗುಳಿಯುವ ತುದಿಯನ್ನು ಅಳೆಯಬೇಕು. ಅಮೆರಿಕದ ಲೆಕ್ಕದಲ್ಲಿ ಅದು 3 ಇಂಚು, ಅಂದರೆ ಸುಮಾರು 7.5 ಸೆಂ.ಮೀ. ಮೀರಬಾರದು. ನಮ್ಮ ಲಂಗದ ಸೊಂಟ ಬಿಡಿಸಿದಾಗ 60 ಸೆಂ.ಮೀ., ಲಾಡಿಯ ತುದಿ ಎರಡೂ ಕಡೆ 19. ಒಂದೊಂದು ಕಡೆ 12 ಕತ್ತರಿಸಿ 7ಕ್ಕೆ ತಂದೆ. ‘ಕಟ್ಟೋಕೇ ಆಗಲ್ಲ ಅಕ್ಕ’ ಅಂದಳು ತಂಗಿ. ಆಗುತ್ತದೆ. ಮಗುವಿನ ಸೊಂಟ 48. ಲಾಡಿ ಎಳೆದು ನಿರಿಗೆ ಕೂರಿಸಿದಾಗ 12 ಸೆಂ.ಮೀ. ಹೊರಬರುತ್ತದೆ, ಕಡೆಗೆ ಆರಾರು. ಅಲ್ಲಿಗೆ ತುದಿ 13 ಆಯಿತು, ಕುಣಿಕೆ ಹಾಕಲು ಧಾರಾಳ. ತುದಿಗೆ ಗಂಟು ಹಾಕದೆ ಮಡಚಿ ಹೊಲಿಯಿರಿ. ಲಾಡಿಯ ನಡುಭಾಗವನ್ನು ಬೆನ್ನಿನ ಕಡೆ ಬಟ್ಟೆಗೆ ಸೇರಿಸಿ ನಾಲ್ಕು ಹೊಲಿಗೆ ಹಾಕಿ, ಇಲ್ಲದಿದ್ದರೆ ಮಗು ಒಂದೇ ಕಡೆ ಎಳೆದು ಉದ್ದ ಮಾಡಿಕೊಳ್ಳುತ್ತದೆ.

ಗುಂಡಿ ಎಷ್ಟು ಗಟ್ಟಿ?

ಮೂರು ವರ್ಷದೊಳಗಿನವರ ಗಂಟಲಿಗೆ ಸಿಗಬಹುದಾದ ವಸ್ತು ಯಾವುದೆಂದು ನೋಡಲು ಲ್ಯಾಬಿನಲ್ಲಿ 31.7 ಮಿ.ಮೀ. ಬಾಯಿಯ ಒಂದು ಕೊಳವೆ ಇರುತ್ತದೆ. ಅದರೊಳಗೆ ಪೂರ್ತಿ ಇಳಿದದ್ದು ಅಪಾಯ. ಮಕ್ಕಳ ಬಟ್ಟೆಯ ಗುಂಡಿ, ಮಣಿ, ಕಲ್ಲು ಎಲ್ಲವೂ ಹೆಚ್ಚುಕಡಿಮೆ ಇಳಿಯುತ್ತವೆ. ಹಾಗಾಗಿ ಗಾತ್ರ ಅಳೆಯುತ್ತ ಕೂರುವ ಬದಲು ಅದು ಕಿತ್ತುಬರುತ್ತದೆಯೇ ಎಂದು ನೋಡಿ.

ಗುಂಡಿಯ ಹಿಂಬದಿ ತಿರುಗಿಸಿ. ರೆಡಿಮೇಡ್ ಬಟ್ಟೆಯ ಎಷ್ಟೋ ಗುಂಡಿಗಳಿಗೆ ಮೆಷಿನ್ ಒಂದೇ ದಾರದಿಂದ ಸರಪಳಿ ಹೊಲಿಗೆ ಹಾಕಿರುತ್ತದೆ. ಬಾಲದಂತೆ ಉಳಿದ ತುದಿಯನ್ನು ಎಳೆದರೆ ಸರ್ರನೆ ಬಿಚ್ಚಿಕೊಂಡು ಗುಂಡಿ ಕೈಗೆ ಬರುತ್ತದೆ. ರವಿಕೆಯ ಮುಂದಿದ್ದ ಮೂರರಲ್ಲಿ ಎರಡು ಹಾಗೇ ಬಂದವು. ಬಿಚ್ಚದಿದ್ದ ಮೂರನೆಯದರ ಬುಡಕ್ಕೆ ಗಟ್ಟಿ ದಾರದ ಕುಣಿಕೆ ಹಾಕಿ, ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ, ಮುಳ್ಳು 7 ಕೆ.ಜಿ. ತೋರಿಸುವವರೆಗೆ ನಿಧಾನ ಎಳೆದು ಹತ್ತು ಸೆಕೆಂಡು ಹಿಡಿದೆ. ಅಮೆರಿಕದ ಪರೀಕ್ಷೆಯಲ್ಲಿ ಒಂದೂವರೆ ವರ್ಷ ದಾಟಿದ ಮಕ್ಕಳ ವಸ್ತುಗಳಿಗೆ ಹಾಕುವ 15 ಪೌಂಡ್ ಎಳೆತ ಸುಮಾರು ಇಷ್ಟೇ. ಅದು ನಿಂತಿತು. ಬಿಚ್ಚಿದ ಎರಡನ್ನು ಜೋಡಿದಾರದಲ್ಲಿ ಹೊಲಿದು, ಬುಡಕ್ಕೆ ಸುತ್ತಿ, ಹಿಂದೆ ಎರಡು ಗಂಟು ಹಾಕಿದೆ.

ಟಿಚ್ ಬಟನ್ ಆದರೆ ಬಟನ್‌ಗಿಂತ ಸುತ್ತಲ ಬಟ್ಟೆ ನೋಡಿ. ತೆಳು ಬಟ್ಟೆಗೆ ಹಿಂದೆ ಪಟ್ಟಿ ಕೊಡದೆ ಒತ್ತಿದ್ದರೆ ತೂತು ಅಗಲವಾಗಿ ಬಟನ್ ಇಡಿಯಾಗಿ ಹೊರಬರುತ್ತದೆ. ಗೋಂದಿನಲ್ಲಿ ಅಂಟಿಸಿದ ಕಲ್ಲನ್ನಂತೂ ನಾನು ಪರೀಕ್ಷಿಸುವುದೇ ಇಲ್ಲ, ಉಗುರಲ್ಲಿ ಎಬ್ಬಿಸಿ ಎಸೆಯುತ್ತೇನೆ.

ಬೆಂಕಿಯ ವಿಷಯ

‘ಪಟಾಕಿ ಹೊಡೆಯುವಾಗ ಕಾಟನ್ ಹಾಕಿ’ ಎಂದು ಪ್ರತಿ ವರ್ಷ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ.

ಲಂಗದ ಒಳ ಹೊಲಿಗೆಯ ಅಂಚಿನಿಂದ ನೆಟ್ಟಿನದೊಂದು, ಲೈನಿಂಗಿನದೊಂದು, ಬೆರಳಗಲದ ಚೂರು ಕತ್ತರಿಸಿಕೊಂಡೆ. ಮಗುವನ್ನು ಆಚೆ ಕಳಿಸಿ, ಫ್ಯಾನ್ ಆರಿಸಿ, ನೀರು ತುಂಬಿದ ಸ್ಟೀಲ್ ತಟ್ಟೆಯ ಮೇಲೆ ಇಕ್ಕಳದಲ್ಲಿ ಹಿಡಿದು ಪಕ್ಕದಿಂದ ಬೆಂಕಿಕಡ್ಡಿ ತಾಗಿಸಿದೆ. ನೆಟ್ಟು ಉರಿಗೆ ಹೆದರಿದಂತೆ ಮುದುರಿ ಹಿಂದಕ್ಕೆ ಸರಿಯಿತು, ಕರಗಿತು, ಉರಿಯುವ ಹನಿಯೊಂದು ನೀರಿಗೆ ಬಿದ್ದು ಚುಯ್ ಎಂದಿತು. ತಟ್ಟೆಯ ತಳದಲ್ಲಿ ಗಟ್ಟಿ ಕಪ್ಪು ಕಾಳು. ಪಾಲಿಯೆಸ್ಟರಿನ ಗುರುತು ಅದು. ಚರ್ಮದ ಮೇಲಾಗಿದ್ದರೆ ಅಂಟಿಕೊಂಡೇ ಸುಡುತ್ತಿತ್ತು. ಲೈನಿಂಗು ಮಾತ್ರ ಮುದುರಲಿಲ್ಲ. ಭಗ್ಗನೆ ಹತ್ತಿ, ಕಾಗದ ಸುಟ್ಟ ವಾಸನೆ ಬಿಟ್ಟು, ಬೂದಿಯಾಯಿತು. ಅದು ಕಾಟನ್. ಉರಿ ಆರಿದ ಮೇಲೂ ಅಂಚಿನಲ್ಲಿ ಕೆಂಡ ಹರಿದಾಡುತ್ತಿತ್ತು.

ಆಮೇಲೆ ಎರಡನ್ನೂ ಸೇರಿಸಿ ಹಿಡಿದೆ, ಲಂಗದಲ್ಲಿ ಇರುವುದೂ ಹಾಗೇ ಅಲ್ಲವೇ. ಈ ಸಲ ನೆಟ್ಟಿಗೆ ಹಿಂದೆ ಸರಿಯಲು ಆಗಲಿಲ್ಲ. ಕರಗಿದ್ದು ಕೆಳಗೆ ಬೀಳದೆ ಕಾಟನ್ನಿಗೆ ಇಂಗಿತು. ಕಾಟನ್ ಹಣತೆಯ ಬತ್ತಿಯಾಯಿತು, ಪಾಲಿಯೆಸ್ಟರ್ ಎಣ್ಣೆಯಾಯಿತು. ಚೂರು ಇಕ್ಕಳದ ಬುಡದವರೆಗೂ ಉರಿಯಿತು. ಒಳಗೆ ಕಾಟನ್ ಲೈನಿಂಗ್ ಇದೆಯಲ್ಲ ಎಂಬ ಸಮಾಧಾನ ಅಲ್ಲಿಗೆ ಮುಗಿಯಿತು.

ಈ ಪರೀಕ್ಷೆಯಿಂದ ನೂಲು ಯಾವುದೆಂದು ತಿಳಿಯುತ್ತದೆ, ಅಷ್ಟೆ. ಉಡುಪು ಎಷ್ಟು ಬೇಗ ಹತ್ತುತ್ತದೆ ಎನ್ನುವುದಕ್ಕೆ ನೂಲಿನಷ್ಟೇ ಮುಖ್ಯವಾದದ್ದು ಅದರ ದಪ್ಪ ಮತ್ತು ಆಕಾರ. ತೆಳುವಾದ, ಜಾಳಾದ, ನವಿರು ಎಬ್ಬಿಸಿದ ಬಟ್ಟೆಗೆ ಗಾಳಿ ಚೆನ್ನಾಗಿ ಸಿಗುತ್ತದೆ. ಘೇರು ಲಂಗದ ಅಂಚಿಗೆ ಹತ್ತಿದ ಉರಿ ಮೇಲಕ್ಕೇರುತ್ತದೆ, ಮೈಗೂ ಬಟ್ಟೆಗೂ ನಡುವಿನ ಗಾಳಿ ಅದಕ್ಕೆ ಒಲೆಯಾಗುತ್ತದೆ. ಅಮೆರಿಕದಲ್ಲಿ ಮಕ್ಕಳ ರಾತ್ರಿಯುಡುಪು ಬೆಂಕಿ ತಡೆಯುವಂತಿರಬೇಕು, ಆದರೆ ಮೈಗಂಟಿದಂತೆ ಹೊಲಿದದ್ದಕ್ಕೆ ಆ ಕಟ್ಟಳೆಯಿಂದ ವಿನಾಯಿತಿಯಿದೆ. ಬರೀ ಕಾಟನ್ ಆದರೂ ನಡೆಯುತ್ತದೆ. ಅದಕ್ಕೇ ಪಟಾಕಿಗೆ ದಪ್ಪ ಕಾಟನ್ನಿನ, ಮೈಗೆ ಹೊಂದಿ ಕೂರುವ, ಜೋಲುವ ತೋಳಿಲ್ಲದ ಬಟ್ಟೆ ಹಾಕಿ. ತೆಳು ಕಾಟನ್ನಿನ ಘೇರು ಫ್ರಾಕಿಗಿಂತ ಹಳೆಯ ಜೀನ್ಸ್ ಎಷ್ಟೋ ವಾಸಿ.

ಬಟ್ಟೆಗೆ ಕಿಡಿ ಹತ್ತಿದರೆ ಮಗು ಓಡಲು ಬಿಡಬೇಡಿ, ನೆಲಕ್ಕೆ ಮಲಗಿಸಿ ಉರುಳಿಸಿ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ನಲ್ಲಿ ನೀರು ಹರಿಯಬೇಕು, ಐಸು ಬೇಡ, ಪೇಸ್ಟೂ ಬೇಡ. ಕರಗಿ ಅಂಟಿದ ಬಟ್ಟೆಯನ್ನು ಕೀಳದೆ ಆಸ್ಪತ್ರೆಗೆ ಒಯ್ಯಿರಿ.

ನಮ್ಮ ಹುಡುಗಿ ಲಕ್ಷ್ಮೀಪೂಜೆಗೆ ಲಂಗ ಹಾಕಿಕೊಂಡು, ಹಣತೆಯಿಂದ ದೂರ ಅಜ್ಜಿಯ ತೊಡೆಯ ಮೇಲೆ ಕೂತು ಫೋಟೊ ತೆಗೆಸಿಕೊಂಡಳು. ಸಂಜೆ ಅಂಗಳಕ್ಕಿಳಿಯುವ ಮುಂಚೆ ಜೀನ್ಸ್ ತೊಡಿಸಿದ್ದಕ್ಕೆ ಹತ್ತು ನಿಮಿಷ ಅತ್ತಳು. ಕಿತ್ತ ಗೊಂಡೆಗಳು ಈಗ ನನ್ನ ಬೀರುವಿನ ಕೀಲಿಗೊಂಚಲಿನಲ್ಲಿವೆ, ಅವಳ ಕೈಗೆಟುಕದಷ್ಟು ಮೇಲೆ.